ರದ್ದಿಯೊಳಗಿನ ಕಾಗೆ

ಸಿದರಾಯನ ಗಂಟಲಿನಲ್ಲಿ ಒಂದು ಊರೇ ವಾಸವಾಗಿತ್ತು. ಕಾಗದದ ಕಾರ್ಖಾನೆಯ ಮಾಲಕ ಕಾಕಾಸಾಹೇಬರು ಫೋನಿನಲ್ಲಿ ಸಿಟ್ಟಾಗುವುದು, ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಕಂಡಕ್ಟರ್ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ "ಚಲಾ ಚಲಾ, ಒಳಗ ಸರೀರಿ" ಎನ್ನುವುದು, ರದ್ದಿ ಕಾಗದ ಕಲಸುವ ಪಲ್ಪರಿನ ಹಳೇ ಬೇರಿಂಗ್ ಕೆಡುವ ಮೊದಲು ನರಳುವುದು, ಎಲ್ಲ ಧ್ವನಿಯನ್ನೂ ಅವನು ಹಾಗೆಯೇ ತೆಗೆಯುತ್ತಿದ್ದ. ಬಿ.ಎಸ್ಸಿ. ಕಲಿಯುವಾಗ ರಸಾಯನಶಾಸ್ತ್ರದ ಮೇಷ್ಟರ ಧ್ವನಿಯಲ್ಲಿ ಪಕ್ಕದ ಕ್ಲಾಸಿಗೆ ರಜೆ ಕೊಟ್ಟವನು. ಮೇಷ್ಟರು ಆಮೇಲೆ ಅವನಿಗೆ ಕೊಟ್ಟದ್ದು ರಜೆಯಲ್ಲ, ಸಜೆ.

ಈಗ ಆ ಊರು ಬರೀ ಪಲ್ಪರಿನ ಹತ್ತಿರ ಮಾತಾಡುತ್ತಿತ್ತು. ಕೊಗನೊಳ್ಳಿಯ ಈಚೆ, ಹೈವೇಯಿಂದ ಒಳಗೆ ಇದ್ದ ಆ ಕಾರ್ಖಾನೆಯಲ್ಲಿ ಪಲ್ಪರಿನಷ್ಟು ಗದ್ದಲದ ಜಾಗ ಇನ್ನೊಂದಿರಲಿಲ್ಲ. ದೊಡ್ಡ ಕಬ್ಬಿಣದ ಬಾನಿ, ತಳದಲ್ಲಿ ತಿರುಗುವ ಚಕ್ರ. ಬಿಸಿನೀರು, ಕಾಸ್ಟಿಕ್, ಸಿಲಿಕೇಟ್, ಹಳದಿಯಾಗದಿರಲೆಂದು ಪೆರಾಕ್ಸೈಡ್, ಕೊನೆಗೆ ಸಾಬೂನು. ಅದರ ಮೇಲೆ ರದ್ದಿ. ಅದು ಗಿರಗಿರನೆ ತಿರುಗಿ ಅಂಬಲಿಯಾಗುತ್ತಿತ್ತು. ಆ ಸದ್ದಿನಲ್ಲಿ ಯಾರ ಧ್ವನಿ ತೆಗೆದರೂ ತನ್ನ ಕಿವಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಅದಕ್ಕೇ ಅವನು ಅಲ್ಲಿ ತೆಗೆಯುತ್ತಿದ್ದ. ಅಲ್ಲಿನ ಕೆಮಿಸ್ಟನಾದ ಅವನಿಗೆ ಲ್ಯಾಬಿನಲ್ಲಿ ಕುರ್ಚಿ ಇತ್ತು, ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಇತ್ತು. ಹೆಂಡತಿ ಸುಂದರಾ ತೀರಿಕೊಂಡು ವರ್ಷಗಳಾಗಿದ್ದವು. ಎರಡೂ ಕಡೆ ಸದ್ದಿಲ್ಲದ್ದರಿಂದ ಎರಡೂ ಕಡೆ ಅವನು ಬಾಯಿ ಬಿಡುತ್ತಿರಲಿಲ್ಲ.

ಬಾಯಿ ಬಿಟ್ಟೇ ಅವನು ಮಗಳನ್ನು ಕಳಕೊಂಡಿದ್ದ.

ನೀಲಮಳ ಮದುವೆಯ ದಿನ ಕರೋಶಿಯ ಪೆಂಡಾಲಿನಲ್ಲಿ ಊಟ ನಡೆದಿತ್ತು. ಬೀಗರಾದ ಬಾಬಾಸಾಹೇಬರದು ಆಳು ಎತ್ತರ, ಧ್ವನಿ ಮಾತ್ರ ಪುಂಗಿಯಷ್ಟು ಸಣ್ಣ. ಗೆಳೆಯರು ಪೀಡಿಸಿದರು: "ಏ ಸಿದರಾಯ, ಬೀಗರನ್ನ ತಗಿಯೋ." ಅವನು ತೆಗೆದ. "ಬರ್ರಿ ಬರ್ರಿ, ಹೋಳಗಿ ಹಾಕಿಸ್ಕೊಳ್ರಿ, ತುಪ್ಪ ಸಾವಕಾಶ ಬಿಡ್ರಿ, ತುಪ್ಪ ಸಾವಕಾಶ." ಯಾರು ಏನು ಅಹೇರಿ ಉಡುಗೊರೆ ಕೊಟ್ಟರೆಂದು ಕೂಗುವ ಮೈಕು ಮಗ್ಗುಲಲ್ಲೇ ಇತ್ತು, ಚಾಲೂ ಇತ್ತು. ಬೀಗರ ಧ್ವನಿ ಬೀಗರ ಬಾಯಿಯಿಲ್ಲದೆ ನಾಲ್ಕೂ ದಿಕ್ಕಿನ ಭೋಂಗಾದಿಂದ ಹೊರಟಿತು. ಜನ ನಕ್ಕರು. ಬಾಬಾಸಾಹೇಬರು ಕೈಯಲ್ಲಿದ್ದ ತುಪ್ಪದ ತಂಬಿಗೆಯನ್ನು ನೆಲಕ್ಕಿಟ್ಟು ಒಳಗೆ ಹೋದರು.

ಎಂಟು ದಿನದ ಮೇಲೆ ನೀಲಮಳ ಫೋನು ಬಂತು. "ಅಪ್ಪಾ, ನೀ ಎಲ್ಲಾರ ಧ್ವನೀನೂ ತಗೀತಿ. ನಂದೊಂದ ತಗೀಬ್ಯಾಡ." ಅಷ್ಟೇ, ಮತ್ತೆ ಅವಳ ಫೋನಿಲ್ಲ. ಮುಂದೆ ಅವರೆಲ್ಲ ನಿಪ್ಪಾಣಿಗೆ ಬಂದು ನೆಲೆಸಿದರು, ಅಳಿಯ ಟೆಂಪೋ ಹೊಡೆಯತೊಡಗಿದ ಎಂಬ ಸುದ್ದಿ ಬಂದಾಗ ಸಿದರಾಯ ಒಮ್ಮೆ ಹೋದ. ಬಾಗಿಲು ತೆರೆದವರು ಬಾಬಾಸಾಹೇಬರೇ. "ಯಾರ ಬೇಕಾಗಿತ್ರಿ?" ಎಂದರು, ಅದೇ ಪುಂಗಿಯಲ್ಲಿ. ಸಿದರಾಯನ ಗಂಟಲೊಳಗೆ ಅದೇ ಪುಂಗಿ ತಾನಾಗಿ ಸಜ್ಜಾಯಿತು. ಉತ್ತರ ಕೊಟ್ಟರೆ ಅದು ಯಾವ ಧ್ವನಿಯಲ್ಲಿ ಹೊರಬಿದ್ದೀತೋ ಎಂಬ ಅಂಜಿಕೆಗೆ ಅವನು ಕೈಮುಗಿದು, ಮೆಟ್ಟಿಲು ಇಳಿದು ಬಂದ. ನೀಲಮ ಒಳಗಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ.

ಆಮೇಲೆ ಒಂದು ದಿನ ಶಹಜಾದಬಿ ರದ್ದಿ ಆರಿಸುವ ಶೆಡ್ಡಿನಿಂದ ಲ್ಯಾಬಿಗೆ ಬಂದಳು. ಆರಿಸುವ ಹೆಣ್ಣುಮಕ್ಕಳ ಮೇಲೆ ನಿಗಾ ಇಡುವ ಮುಕಾದಮಳು ಅವಳು. ಪಿನ್ನು, ಪ್ಲಾಸ್ಟಿಕ್ಕು, ಪುಸ್ತಕದ ರಟ್ಟು ಅವಳ ಕಣ್ಣು ತಪ್ಪಿಸಿ ಪಲ್ಪರಿಗೆ ಬಿದ್ದದ್ದು ಕಡಿಮೆ.

"ಸಾಹೇಬ್ರ, ರದ್ದಿಯೊಳಗ ಕಾಗಿ ಕುಂತೈತಿ ನೋಡ್ರಿ," ಎಂದು ಅಂಗೈ ಬಿಚ್ಚಿದಳು.

ಬೀಡಿ ಕಟ್ಟಿಗೆ ಸುತ್ತುವ ಲೇಬಲ್ಲಿನ ಕಾಗದ. ಮಡಚಿ ಮಡಚಿ ಮಾಡಿದ ಒಂದು ಕೊಕ್ಕು. ಹಿಂದಿನಿಂದ ಎರಡು ಬೆರಳಿಟ್ಟು ಒತ್ತಿದರೆ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ.

ಅದನ್ನು ಮಾಡಲು ಕಲಿಸಿದವನು ಸಿದರಾಯನೇ. ನೀಲಮ ಸಣ್ಣವಳಿದ್ದಾಗ ಅವಳ ಬೆರಳಿಗೆ ಇಂಥ ಕಾಗೆ ತೊಡಿಸಿ ಅದರ ಬಾಯಲ್ಲಿ ಓಣಿಯ ಜನರನ್ನೆಲ್ಲ ಮಾತಾಡಿಸುತ್ತಿದ್ದ. ಕೊಕ್ಕಿನ ಕೆಳತುದಿಯನ್ನು ಒಮ್ಮೆ ಹೆಚ್ಚಿಗೆ ಒಳಗೆ ಮಡಚುವುದು ಅವಳ ಚಾಳಿ. ಇಲ್ಲದಿದ್ದರೆ ಕಾಗೆ ಜೊಲ್ಲು ಸುರಿಸುತ್ತದೆ ಎನ್ನುತ್ತಿದ್ದಳು. ಈ ಕಾಗೆಗೂ ಆ ಮಡಿಕೆ ಇತ್ತು.

"ಎಲ್ಲಿಂದ ಬಂತು ಇದು?"

"ಬೀಡಿ ಕಾರ್ಖಾನಿ ಚೀಲದಾಗಿತ್ರಿ. ನಮ್ಮ ಸೊಸಿ ಅರ್ಶಿಯಾನೂ ಅಲ್ಲೇ ಲೇಬಲ್ ಸುತ್ತತಾಳ. ನಿಮ್ಮ ಮಗಳೂ ಈಗ ಅದ ಸಾಲಿನ್ಯಾಗ ಕುಂದ್ರತಾಳಂತ. ನಿಮಗ ಗೊತ್ತಿರಬೇಕಲ್ರಿ?"

"ಹೂಂ," ಎಂದ ಸಿದರಾಯ. ಗೊತ್ತಿರಲಿಲ್ಲ.

ಆ ಬೀಡಿ ಕಾರ್ಖಾನೆಯ ಲೇಬಲ್ಲಿಗೆ ಕಾಗದ ಹೋಗುತ್ತಿದ್ದುದು ಇಲ್ಲಿಂದಲೇ. ತೆಳ್ಳನೆಯ ಬಿಳಿ ಕಾಗದ, ಒಂದು ಮಗ್ಗುಲು ಮಾತ್ರ ನುಣುಪು. ಇಲ್ಲಿಂದ ನಿಪ್ಪಾಣಿಯ ಪ್ರೆಸ್ಸಿಗೆ, ಅಲ್ಲಿ ಅಚ್ಚಾಗಿ ಬೀಡಿ ಕಾರ್ಖಾನೆಗೆ. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಅಂಚು, ಕೆಟ್ಟ ಅಚ್ಚು, ಸುತ್ತುವಾಗ ಹರಿದ ಲೇಬಲ್ಲು ಚೀಲ ತುಂಬಿ ಅದೇ ಟೆಂಪೋದಲ್ಲಿ ಮರಳುತ್ತಿದ್ದವು. ಅದುವರೆಗೆ ಆ ಚೀಲಗಳು ಒರಟು ರಟ್ಟು ಮಾಡುವ ಹಿಂದಿನ ಮಷೀನಿಗೆ ಹೋಗುತ್ತಿದ್ದವು.

ಮರುದಿನವೇ ಸಿದರಾಯ ಕಾಕಾಸಾಹೇಬರಿಗೆ ಹೇಳಿದ: "ಮಾಲಕ್ರ, ಬೀಡಿ ಕಾರ್ಖಾನಿ ರದ್ದಿ ಸ್ವಚ್ಛ ಐತ್ರಿ, ಮಸಿ ಕಡಿಮಿ. ರಟ್ಟಿಗೆ ಹಾಕಿ ಹಾಳ ಮಾಡೂದ್ಯಾಕ? ಲೇಬಲ್ ಕಾಗದಕ್ಕ ಅದನ್ನ ಹಾಕೂಣು."

ಕಾಕಾಸಾಹೇಬರಿಗೆ ಅದು ಹಿಡಿಸಿತು. ಹಿಡಿಸಿದ್ದು ಎಷ್ಟೆಂದರೆ, ಇಷ್ಟು ಬೆಳ್ಳಗಿನ ರದ್ದಿ ಬಾಗಿಲಿಗೇ ಬರುವಾಗ ಇಚಲಕರಂಜಿಯಿಂದ ಹತ್ತಿ ಬಟ್ಟೆಯ ಚಿಂದಿ ಯಾಕೆ ತರಬೇಕು ಎಂದು ಅದನ್ನು ನಿಲ್ಲಿಸಿಬಿಟ್ಟರು. ಹತ್ತಿಯ ಉದ್ದ ನಾರು ಆ ತೆಳ್ಳನೆಯ ಕಾಗದದ ಬೆನ್ನೆಲುಬು. ಸಿದರಾಯನಿಗೆ ಅದು ಗೊತ್ತಿತ್ತು. ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಅವನು ಬಿಡಲಿಲ್ಲ.

ಅಂದಿನಿಂದ ಟೆಂಪೋ ಬಂದ ದಿನ ಶೆಡ್ಡಿನಲ್ಲಿ ಕಾಗೆ ಹುಡುಕುವುದು ಅವನ ಹಬ್ಬ. ಒಂದು ಚೀಲಕ್ಕೆ ಒಂದೋ ಎರಡೋ. ಸಂಜೆ ಪಲ್ಪರಿನ ಮೆಟ್ಟಿಲ ಮೇಲೆ ಕೂತು ಬೆರಳಿಗೆ ತೊಡಿಸಿಕೊಳ್ಳುತ್ತಿದ್ದ. ಕಾಗೆ ಕಾಕಾಸಾಹೇಬರಾಗುತ್ತಿತ್ತು: "ಸಿದರಾಯ, ಕರೆಂಟ್ ಬಿಲ್ ನಿಮ್ಮಪ್ಪ ತುಂಬತಾನೇನಲೇ?" ಕಾಗೆ ಕಂಡಕ್ಟರಾಗುತ್ತಿತ್ತು. ಕಾಗೆ ಶಹಜಾದಬಿಯಾಗಿ ಕೆಮ್ಮುತ್ತಿತ್ತು. ಕೊನೆಗೆ ಒಂದು ಸಲ ಕಾಗೆ ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿತ್ತು, ತೆರೆದು ಮುಚ್ಚುತ್ತಿತ್ತು, ಧ್ವನಿಯೇ ಇಲ್ಲದೆ. ಅದು ನೀಲಮಳ ಪಾಳಿ.

ಆಮೇಲೆ ಅದನ್ನು ಪಲ್ಪರಿಗೆ ಹಾಕಿಬಿಡುತ್ತಿದ್ದ. ಇಟ್ಟುಕೊಂಡರೆ ಒಂದು ಕಾಗೆಯಷ್ಟೇ. ಹಾಕಿದರೆ ಕಾಗದವಾಗಿ ಮತ್ತೆ ಅವಳ ಕೈಗೇ ಹೋಗುತ್ತದೆ, ಮತ್ತೆ ಕಾಗೆಯಾಗಿ ಬರುತ್ತದೆ ಎಂಬುದು ಅವನ ಲೆಕ್ಕಾಚಾರ. ಹುಚ್ಚು ಎನ್ನಿ. ಇಡೀ ದಿನದಲ್ಲಿ ತನ್ನ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲದ ಮನುಷ್ಯನಿಗೆ ಇಂಥ ಲೆಕ್ಕ ತಾಳೆಯಾಗುತ್ತದೆ.

ಪಲ್ಪರಿನಿಂದ ಅಂಬಲಿ ಜರಡಿ ದಾಟಿ ತೇಲುತೊಟ್ಟಿಗೆ ಬರುತ್ತಿತ್ತು. ಅಲ್ಲಿ ತಳದಿಂದ ಗಾಳಿ ಬಿಡುತ್ತಾರೆ. ಕಾಸ್ಟಿಕ್ಕಿಗೆ ನಾರು ಉಬ್ಬಿ, ಚಕ್ರದ ತಿಕ್ಕಾಟಕ್ಕೆ ಕಳಚಿಕೊಂಡ ಮಸಿಯ ಕಣಗಳಿಗೆ ನೀರೆಂದರೆ ಆಗದು. ಸಾಬೂನು, ಬಾವಿಯ ಗಡಸು ನೀರು ಎರಡೂ ಸೇರಿ ಅವನ್ನು ಗಾಳಿಗುಳ್ಳೆಗೆ ಅಂಟಿಸುತ್ತವೆ. ಗುಳ್ಳೆ ಮೇಲೇಳುತ್ತದೆ, ಬೂದುಗಪ್ಪು ನೊರೆಯಾಗುತ್ತದೆ, ಹಲಗೆ ಅದನ್ನು ಕೆರೆದು ಹೊರಗೆ ಚೆಲ್ಲುತ್ತದೆ. ಕೆಳಗೆ ಉಳಿದದ್ದು ಬೆಳ್ಳಗೆ. ಬೀಡಿಯ ಹೆಸರು, ಅದರ ಮೇಲಿನ ಹುಲಿಯ ಚಿತ್ರ, ಮೈದಾಹಿಟ್ಟಿನ ಅಂಟು, ಏನೂ ಇರುತ್ತಿರಲಿಲ್ಲ. ಆ ತೊಟ್ಟಿಯನ್ನು ನೋಡುವಾಗಲೆಲ್ಲ ಸಿದರಾಯ ತನ್ನ ಗಂಟಲಿನಿಂದ ಒಂದು ಪುಂಗಿಯನ್ನು ಹೀಗೆ ನೊರೆ ಬರಿಸಿ ತೆಗೆಯಲಾದೀತೇ ಎಂದುಕೊಳ್ಳುತ್ತಿದ್ದ.

ಸುತ್ತು ಹೀಗೇ ಸುತ್ತಿತು. ಮಳೆಗಾಲ ಹೋಗಿ ಚಳಿಗಾಲ ಬಂತು. ಚೀಲಗಳು ಹೆಚ್ಚಾದವು. ಕಾಗೆಗಳೂ ಹೆಚ್ಚಾದವು, ಒಂದೊಂದು ಚೀಲಕ್ಕೆ ಹಿಡಿ ಹಿಡಿ. ಸಿದರಾಯನಿಗೆ ಹಿಗ್ಗು. ಮಗಳಿಗೆ ನನ್ನ ನೆನಪು ಹೆಚ್ಚಾಗಿದೆ ಎಂದುಕೊಂಡ.

ಮಷೀನಿನ ಮೇಲೆ ಕಾಗದ ಆಗಾಗ ತುಂಡಾಗುವುದೂ ಹೆಚ್ಚಾಗಿತ್ತು. ಅದಕ್ಕೆ ಅವನಲ್ಲಿ ಮದ್ದಿತ್ತು: ಬೀಟರಿನಲ್ಲಿ ನಾರನ್ನು ಇನ್ನಷ್ಟು ಅರೆಯುವುದು. ಅರೆದರೆ ನಾರಿನ ಮೈ ಕೆದರಿ ಒಂದಕ್ಕೊಂದು ತಬ್ಬಿಕೊಳ್ಳುತ್ತದೆ. ಹಾಳೆ ಹಿಡಿದು ಝಾಡಿಸಿದರೆ ಹೊಸ ನೋಟಿನ ಹಾಗೆ ಖರ್ ಎನ್ನುತ್ತಿತ್ತು. ಹಾಳೆಯನ್ನು ಒತ್ತಿ ಒಡೆದು ನೋಡುವ ಲ್ಯಾಬಿನ ಯಂತ್ರದಲ್ಲೂ ಪಾಸು. ಮಡಿಕೆಯ ತಾಳಿಕೆ ನೋಡುವ ಯಂತ್ರ ಆ ಕಾರ್ಖಾನೆಯಲ್ಲಿ ಇರಲೇ ಇಲ್ಲ.

ಸಂಕ್ರಾಂತಿಯ ಆಚೆ ಒಂದು ಸಂಜೆ ಅವನು ಕಾಗೆಯೊಂದನ್ನು ಬೆರಳಿಗೇರಿಸಿ, ಬಾಯಿ ತೆರೆದ. ಕೊಕ್ಕು ಮಡಿಕೆಗುಂಟ ಸೀಳಿ ಎರಡು ಹೋಳಾಯಿತು. ಇನ್ನೊಂದನ್ನು ತೆಗೆದ. ಅದೂ ಕಂಡಕ್ಟರನ ಒಂದೇ "ಚಲಾ"ಕ್ಕೆ ಹೋಯಿತು. ಮೂರನೆಯದು ಬಾಯಿ ತೆರೆಯುವ ಮೊದಲೇ. ಮೊದಮೊದಲು ಬಂದ ಕಾಗೆಗಳು ಇಡೀ ಓಣಿಯನ್ನು ಮಾತಾಡಿಸಿದರೂ ಗಟ್ಟಿಯಾಗಿರುತ್ತಿದ್ದವು.

ಅವನು ಹೋಳುಗಳನ್ನು ಜೇಬಿಗೆ ಹಾಕಿಕೊಂಡು ಶೆಡ್ಡಿಗೆ ಹೋದ. ಶಹಜಾದಬಿ ಕೈ ತೊಳೆದು ಮನೆಗೆ ಹೊರಟಿದ್ದಳು.

"ಆಪಾ, ಇತ್ತಿತ್ತಲಾಗ ಇಷ್ಟ ಚೀಲ ಯಾಕ ಬರಾಕತ್ತಾವ?"

"ಲೇಬಲ್ ಹರಿಯಾಕತ್ತಾವಲ್ರಿ, ಅದಕ್ಕ. ಕಟ್ಟಿನ ತುದೀಗೆ ಮಡಚಿ ಒಳಗ ತಳ್ಳೂ ಹೊತ್ತಿಗೆ ಪರ್ ಅಂತ ಸೀಳತಾವಂತ. ಅರ್ಶಿಯಾ ದಿನಾ ಬಂದು ಬೈತಾಳ, ನಿಮ್ಮ ಕಾರ್ಖಾನಿ ಕಾಗದಕ್ಕ ಬೆಂಕಿ ಬೀಳ್ಲಿ ಅಂತ. ನಾ ಅಂದೆ, ಬಿದ್ರ ನಿಮ್ಮತ್ತಿ ಊಟಾನೂ ಸುಡತೈತಿ, ನೋಡಿ ಬೈ ಅಂತ."

"ಅಲ್ಲಿಯವರು ಏನಂತಾರ?"

"ಮುಕಾದಮ ಕಾಗದಾ ನೋಡ್ಯಾನಂತ, ಖಡಕ್ ಐತಿ, ಖರ್ ಅಂತೈತಿ. ಅದಕ್ಕ ಹೆಣ್ಮಕ್ಕಳ ಉಗುರು ನೋಡಾಕತ್ತಾನ. ನಿಮ್ಮ ಕೈ ಒರಟ, ನೀವ ಹರೀತೀರಿ ಅಂತ." ಅವಳು ಒದ್ದೆ ಕೈಯನ್ನು ಸೆರಗಿಗೆ ಒರಸಿದಳು. "ನೀಲಮ ಎಲ್ಲಾರಕ್ಕಿಂತ ಬಿಗಿಯಾಗಿ ಸುತ್ತತಾಳ, ಅದಕ್ಕ ಅಕೀವ ಭಾಳ ಹರೀತಾವು. ಮುಂದಿನ ಅಮಾಸಿಗೆ ಅಕೀನ್ನ ಕೆಲಸದಿಂದ ತಗೀತಾನಂತ. ಸಾಹೇಬ್ರ, ನಾ ಹೇಳಬಾರದಿತ್ತೋ ಏನೋ."

"ಹೇಳಿದ್ದು ಚಲೋ ಆತು," ಎಂದ ಸಿದರಾಯ.

ಲ್ಯಾಬಿಗೆ ಬಂದು ಕಾಗೆಯ ಒಂದು ಹೋಳನ್ನು ನೀರಲ್ಲಿ ನೆನೆಸಿ, ಬಿಡಿಸಿ, ಕಾಲೇಜು ಕಾಲದ್ದೆಂಬಂಥ ಹಳೇ ಸೂಕ್ಷ್ಮದರ್ಶಕದ ಕೆಳಗಿಟ್ಟ. ಪಕ್ಕದ ಗಾಜಿನ ಮೇಲೆ ಕಪಾಟಿನಲ್ಲಿ ಉಳಿದಿದ್ದ ಹಳೇ ಹಾಳೆಯ ಚೂರು, ಚಿಂದಿ ಹಾಕುತ್ತಿದ್ದ ಕಾಲದ್ದು. ಹಳೆಯದರಲ್ಲಿ ನಾರು ಉದ್ದುದ್ದ, ಬಳುಕುವ ಲಾಡಿಯ ಹಾಗೆ, ಒಂದರ ಮೇಲೊಂದು ಕಾಲು ಚಾಚಿ ಮಲಗಿತ್ತು. ಹೊಸದರಲ್ಲಿ ತುಂಡು ತುಂಡು. ನೀರಲ್ಲಿ ಎಷ್ಟು ನೆನೆದರೂ ಉಬ್ಬದೆ, ಬಾಗದೆ, ಒಣ ಕಡ್ಡಿಗಳ ಹಾಗೆ ಬಿದ್ದಿದ್ದವು. ಸುತ್ತ ಅರೆದ ಪುಡಿ.

ಅವನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಪುಸ್ತಕದಲ್ಲಿ ಓದಿದ್ದೇ. ಕಾಗದ ಬಿಸಿ ಸಿಲಿಂಡರಿನ ಮೇಲೆ ಒಣಗುವಾಗ ನಾರಿನ ಗೋಡೆಯೊಳಗಿನ ಸಣ್ಣ ರಂಧ್ರಗಳು ಕುಸಿದು ಅಂಟಿಕೊಳ್ಳುತ್ತವೆ. ಮತ್ತೆ ನೆನೆಸಿದರೆ ಅವುಗಳಲ್ಲಿ ಕೆಲವು ತೆರೆಯುವುದೇ ಇಲ್ಲ. ಪ್ರತಿ ಸುತ್ತಿಗೂ ನಾರು ಬಿಗಿದುಕೊಳ್ಳುತ್ತದೆ, ಪಕ್ಕದ ನಾರಿಗೆ ಒಗ್ಗುವುದಿಲ್ಲ. ಒಗ್ಗಲಿ ಎಂದು ಅರೆದರೆ ತುಂಡಾಗುತ್ತದೆ. ತೊಳೆದರೆ ಮಸಿ ಹೋಗುತ್ತದೆ, ದಣಿವು ಹೋಗುವುದಿಲ್ಲ. ಇಷ್ಟು ತಿಂಗಳು ಅವನು ಹೊಸ ನಾರು ಬೆರೆಸದೆ ಅದದೇ ಕಾಗದವನ್ನು ಮಗಳ ಕೈಗೆ ಕಳಿಸಿ, ಹರಿದದ್ದನ್ನು ತರಿಸಿ, ಅರೆದು, ಒಣಗಿಸಿ, ಮತ್ತೆ ಕಳಿಸಿದ್ದ. ಕಾಗೆ ಹೆಚ್ಚಾದದ್ದು ನೆನಪಿಗಲ್ಲ. ಹರಿದದ್ದು ಹೆಚ್ಚಾಗಿತ್ತು, ಕೈಗೆ ಸಿಕ್ಕ ಹರಕನ್ನು ಅವಳ ಬೆರಳು ಮಡಚುತ್ತಿತ್ತು, ಅಷ್ಟೇ.

ಬೆಳಿಗ್ಗೆ ಕಾಕಾಸಾಹೇಬರ ಮುಂದೆ ಎರಡು ಕಾಗೆ ಇಟ್ಟ. ಒಂದನ್ನು ಹಳೇ ಹಾಳೆಯಲ್ಲಿ ತಾನೇ ಮಾಡಿದ್ದ.

"ಏನಲೇ ಇದು, ಈ ವಯಸ್ಸಿನ್ಯಾಗ?"

"ಬೆರಳ ಹಾಕಿ ಬಾಯಿ ತಗಸ್ರಿ ಮಾಲಕ್ರ."

ಕಾಕಾಸಾಹೇಬರು ಆಚೀಚೆ ನೋಡಿ, ಬಾಗಿಲು ಅರ್ಧ ಮುಚ್ಚಿದೆ ಎಂದು ಖಾತ್ರಿಯಾದ ಮೇಲೆ ಬೆರಳು ಹಾಕಿದರು. ಮೊದಲನೆಯದು ಪಟ್ಟೆಂದು ಸೀಳಿತು. ಎರಡನೆಯದು ಬಾಯಿ ಬಿಟ್ಟಿತು, ಮುಚ್ಚಿತು, ಬಿಟ್ಟಿತು. ಅವರು ನಿಲ್ಲಿಸಲಿಲ್ಲ.

"ಎರಡೂ ನಮ್ಮ ಕಾಗದನ. ಹರಿಯೂದು ಈಗಿಂದು," ಎಂದ ಸಿದರಾಯ. "ಬೀಡಿ ಕಾರ್ಖಾನಿ ರದ್ದಿ ಇನ್ನ ಲೇಬಲ್‌ಗೆ ಬ್ಯಾಡ್ರಿ. ಅಂಕಲಿ ಕಡೆ ತತ್ತಿ ಟ್ರೇ ಮಾಡೂವರದಾರ, ಅವರಿಗೆ ಕೊಟ್ಟಬಿಡೂಣು. ತತ್ತಿ ಟ್ರೇಕ್ಕ ಮಡಿಕಿ ಇಲ್ಲ, ಗಿಡ್ಡ ನಾರ ನಡೀತೈತಿ. ನಮಗ ಇಚಲಕರಂಜಿ ಚಿಂದಿ ತರಸ್ರಿ."

"ನೀನ ಹೇಳಿದ್ದೆಲ್ಲೋ ಸ್ವಚ್ಛ ರದ್ದಿ ಅಂತ? ತೊಳದ್ರ ಹೊಸಾದ ಆಗೂದಿಲ್ಲೇನು?"

"ಬೆಳ್ಳಗ ಆಗತೈತ್ರಿ, ಹೊಸಾದ ಆಗೂದಿಲ್ಲ. ಕಟಕ ರೊಟ್ಟಿ ಹಾಲಿನ್ಯಾಗ ನೆನಸಿದ್ರ ಮೆತ್ತಗ ಆಗತೈತಿ ಖರೆ. ಅದನ್ನ ನಾದಿ ಮತ್ತ ರೊಟ್ಟಿ ಬಡೀರಿ ನೋಡೂಣು. ನಾನ ಹೇಳಿದ್ದೆ, ಹೌದು. ತಪ್ಪ ನಂದು. ಬೀಡಿ ಕಾರ್ಖಾನಿಗೂ ನೀವ ಫೋನ್ ಮಾಡಿ ಹೇಳ್ರಿ, ತಪ್ಪ ಕಾಗದದ್ದು, ಸುತ್ತೂವರದಲ್ಲ ಅಂತ."

"ನಾ ಫೋನ್ ಮಾಡಿ ತಪ್ಪ ಒಪ್ಕೋಬೇಕೇನು? ನೀನ ನನ್ನ ಧ್ವನ್ಯಾಗ ಮಾಡಿಬಿಡು. ಪಲ್ಪರ ಹತ್ರ ದಿನಾ ಮಾಡತಿಯಂತಲ್ಲ, ನನಗ ಗೊತ್ತಿಲ್ಲೇನು?"

ಸಿದರಾಯ ನಗಲಿಲ್ಲ. "ಇದೊಂದು ಖರೇ ಧ್ವನಿಯಿಂದ ಆಗಬೇಕ್ರಿ," ಎಂದ.

ಕಾಕಾಸಾಹೇಬರು ಅವನ ಮುಖ ನೋಡಿದರು, ಬೆರಳಿನ ಕಾಗೆ ನೋಡಿದರು, ಫೋನು ಎಳೆದುಕೊಂಡರು.

ಚಿಂದಿಯ ಲಾರಿ ಬಂತು. ಹತ್ತಿಯನ್ನು ಕುದಿಸಿ, ಬಿಡಿಸಿ, ಕತ್ತರಿಸದ ಹಾಗೆ ಹಗುರಾಗಿ ಅರೆದು, ಶಾಲೆಯ ಹಳೇ ಉತ್ತರಪತ್ರಿಕೆಯ ಅಂಬಲಿಗೆ ಬೆರೆಸಿದರು. ಹೊಸ ಕಾಗದ ಝಾಡಿಸಿದರೆ ಅಷ್ಟೇನೂ ಖರ್ ಎನ್ನುತ್ತಿರಲಿಲ್ಲ. ಮಡಚಿದರೆ ಮಡಚಿಕೊಳ್ಳುತ್ತಿತ್ತು, ಬಿಚ್ಚಿದರೆ ಬಿಚ್ಚಿಕೊಳ್ಳುತ್ತಿತ್ತು. ಮೊದಲ ಸುರುಳಿಯಿಂದ ಸಿದರಾಯ ಒಂದು ತುಂಡು ಹರಿದುಕೊಂಡು, ಅಲ್ಲ, ಕತ್ತರಿಸಿಕೊಂಡು ಕಾಗೆ ಮಾಡಿದ. ಕೊಕ್ಕಿನ ಕೆಳತುದಿಗೆ ಆ ಹೆಚ್ಚಿನ ಮಡಿಕೆಯನ್ನೂ ಹಾಕಿದ. ಶೆಡ್ಡಿಗೆ ಹೋಗಿ ಶಹಜಾದಬಿಯ ಕೈಗಿಟ್ಟ.

"ಅರ್ಶಿಯಾನ ಕೈಲೆ ಮಗಳಿಗೆ ಕೊಡಸ್ರಿ ಆಪಾ."

"ಏನರ ಹೇಳೂದೈತೇನ್ರಿ?"

ಅವನು ಬಾಯಿ ತೆರೆದ. ಗಂಟಲಲ್ಲಿ ಎಷ್ಟೊಂದು ಜನ ಎದ್ದು ನಿಂತರು, ಅವರಲ್ಲಿ ಅವನಿರಲಿಲ್ಲ. ಬಾಯಿ ಮುಚ್ಚಿದ.

"ಏನಿಲ್ಲ. ಕೊಡ್ರಿ ಅಷ್ಟ."

ಬೀಡಿ ಕಾರ್ಖಾನೆಯ ಚೀಲಗಳು ಅಂಕಲಿಗೆ ಹೋಗತೊಡಗಿದವು. ಅವುಗಳೂ ಕಡಿಮೆಯಾದವು, ಗಟ್ಟಿ ಲೇಬಲ್ಲು ಬೀಡಿಯನ್ನು ತಬ್ಬಿಕೊಂಡು ಅಥಣಿ, ರಾಯಬಾಗ, ಕಾಗವಾಡ ಎಂದು ಎಲ್ಲೆಲ್ಲಿಗೋ ಹೊರಟುಹೋಗುತ್ತಿತ್ತು, ಹೊರಳಿ ಬರುತ್ತಿರಲಿಲ್ಲ. ಟೆಂಪೋ ಬರುವ ದಿನ ಸಿದರಾಯನ ಕಾಲುಗಳು ತಾವಾಗಿ ಶೆಡ್ಡಿಗೆ ಹೋಗುತ್ತಿದ್ದವು. ಅಲ್ಲಿ ಉತ್ತರಪತ್ರಿಕೆಯ ರಾಶಿ. ಯಾರೋ ಯಾವುದೋ ಪ್ರಶ್ನೆಗೆ ಬರೆದ ಉತ್ತರಗಳು. ನೋಡಿದ ಹಾಗೆ ಮಾಡಿ ಹಿಂದಿರುಗುತ್ತಿದ್ದ.

ಅಮಾವಾಸ್ಯೆ ಕಳೆದ ಮೇಲೆ ಶಹಜಾದಬಿಯೇ ಎದುರಾದಳು.

"ಸಾಹೇಬ್ರ, ನೀಲಮನ್ನ ತಗದಿಲ್ಲಂತ. ಅದ ಸಾಲಿನ್ಯಾಗ ಅದಾಳ. ಈಗ ಒಂದೂ ಹರಿಯಂಗಿಲ್ಲಂತ, ಅರ್ಶಿಯಾ ನಿಮ್ಮ ಕಾರ್ಖಾನಿಗೆ ಹಾಕಿದ ಬೆಂಕಿ ಆರಿಸ್ಯಾಳ."

"ಕಾಗಿ?"

"ಕೊಟ್ಲಂತ್ರಿ."

"ಇಸ್ಕೊಂಡು ಏನಂದ್ಲು?"

"ಏನೂ ಅನ್ನಲಿಲ್ಲಂತ. ಬೆರಳಿಗೆ ಹಾಕ್ಕೊಂಡು ಬಾಯಿ ತಗದ ನೋಡಿದ್ಲಂತ. ಹರೀತೈತೇನಂತ ಮತ್ತ ಮತ್ತ ನೋಡಿದ್ಲಂತ. ಆಮ್ಯಾಲೆ ಚೀಲದಾಗ ಇಟ್ಕೊಂಡು ಲೇಬಲ್ ಸುತ್ತಾಕ ಕುಂತ್ಲಂತ."

ಸಿದರಾಯ ತಲೆಯಾಡಿಸಿದ. ಇನ್ನೇನಾದರೂ ಇದೆಯೇ ಎಂದು ಶಹಜಾದಬಿಯ ಮುಖವನ್ನು ನೋಡಿದ. ಇರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಪಿನ್ನು ಕೀಳುವ ಹೆಣ್ಣುಮಕ್ಕಳ ಕಡೆ ಹೋದಳು.

ಸಂಜೆ ಪಲ್ಪರಿನ ಮೆಟ್ಟಿಲ ಮೇಲೆ ಕೂತ. ರದ್ದಿ ಬಿತ್ತು, ನೀರು ತಿರುಗಿತು, ಗದ್ದಲ ಎದ್ದಿತು. ಬೆರಳುಗಳು ಬರಿದಾಗಿದ್ದವು. ಎರಡು ಬೆರಳನ್ನು ಜೋಡಿಸಿ ತೆರೆದ, ಮುಚ್ಚಿದ. "ನೀಲಮ," ಎಂದ. ಯಾರ ಧ್ವನಿಯೂ ಅಲ್ಲದ, ಸ್ವಲ್ಪ ಒಡೆದ ಒಂದು ಧ್ವನಿ ಹೊರಬಂತು. ಅದು ತನ್ನದೇ ಏನೋ ಎಂದು ತಿಳಿಯಲು ಇನ್ನೊಮ್ಮೆ ಅಂದ. ಯಂತ್ರದ ಸದ್ದಿನಲ್ಲಿ ಆ ಸಲವೂ ಸರಿಯಾಗಿ ಕೇಳಲಿಲ್ಲ.